ಬಿದ್ದದ್ದು ಅಜ್ಜಿಯ ಹಠದಿಂದಲ್ಲ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಡೆಯುವ ಒಂದು ಸಣ್ಣಕಥೆಯನ್ನು ನಾವೆಲ್ಲರೂ ಯಾವುದೋ ಒಂದು ರೂಪದಲ್ಲಿ ಓದಿದ್ದೇವೆ, ಇಲ್ಲವೇ ನೆಂಟರ ಬಾಯಲ್ಲಿ ಕೇಳಿದ್ದೇವೆ. ಅಜ್ಜಿಗೆ ಎಂಬತ್ತರ ಹತ್ತಿರ. ಎಡ ಮಂಡಿ ನೋವು, ನಡಿಗೆಯಲ್ಲಿ ಒಂದಿಷ್ಟು ಓಲಾಟ. ಮಗ ಮೆಡಿಕಲ್ ಅಂಗಡಿಯಿಂದ ವಾಕಿಂಗ್ ಸ್ಟಿಕ್ ತಂದು ಬಾಗಿಲ ಹಿಂದೆ ನೇತುಹಾಕುತ್ತಾನೆ. "ನಂಗ್ಯಾಕೋ ಕೋಲು? ನಾನೇನು ಹಾಸಿಗೆ ಹಿಡಿದಿದೀನಾ?" ಎನ್ನುತ್ತಾಳೆ ಅಜ್ಜಿ. ಸೊಸೆ ಹೇಳುತ್ತಾಳೆ, ಮೊಮ್ಮಗಳು ಗೋಗರೆಯುತ್ತಾಳೆ, ಡಾಕ್ಟರು ಗದರುತ್ತಾರೆ. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಏಪ್ರಿಲ್ ಬರುತ್ತದೆ, ಮಹಡಿಯ ಮೇಲೆ ಸಂಡಿಗೆ ಒಣಗುತ್ತದೆ, ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿಯುತ್ತದೆ. ಸಂಡಿಗೆ ಉಳಿಸಲು ಓಡಿದ ಅಜ್ಜಿ ಮೊರ ಹಿಡಿದು ಇಳಿಯುವಾಗ ತಾರಸಿ ಮೆಟ್ಟಿಲಿನಿಂದ ಬೀಳುತ್ತಾಳೆ. ಕೊನೆಯ ಪುಟದಲ್ಲಿ, ಆಸ್ಪತ್ರೆಯಿಂದ ಬಂದ ಅಜ್ಜಿ ತಾನಾಗಿ ಕೇಳುತ್ತಾಳೆ: "ಆ ಕೋಲು ಎಲ್ಲಿಟ್ಟಿದೀಯೋ, ಕೊಡು."

ಓದಿದವರ ಕಣ್ಣು ತೇವವಾಗುತ್ತದೆ, ಜೊತೆಗೆ ಒಂದು ಸಮಾಧಾನವೂ ಆಗುತ್ತದೆ. ಹಠ ಸೋತಿತು, ಬುದ್ಧಿ ಬಂತು, ಮನೆಯವರು ಹೇಳಿದ್ದೇ ಸರಿಯಾಯಿತು. ಈ ಸಮಾಧಾನವೇ ತಪ್ಪು ಎಂಬುದು ನನ್ನ ವಾದ. ಅಜ್ಜಿ ಬಿದ್ದದ್ದು ಕೋಲು ಹಿಡಿಯದ ಕಾರಣಕ್ಕೆ ಎಂಬ ನಂಬಿಕೆ ಕಥೆಗಾರರದು ಮಾತ್ರವಲ್ಲ. ಮನೆಮನೆಯಲ್ಲೂ ಅದೇ ನಂಬಿಕೆ, ಎಷ್ಟೋ ಡಾಕ್ಟರುಗಳ ಬಾಯಲ್ಲೂ ಅದೇ. ಆ ನಂಬಿಕೆ ಇರುವವರೆಗೆ ಬಿದ್ದದ್ದರ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ, ಅದೇ ಮೆಟ್ಟಿಲ ಮೇಲೆ ನಾಳೆ ಇನ್ನೊಬ್ಬರು ಬೀಳುತ್ತಾರೆ. ಕಥೆಯನ್ನು ಅದರ ಮೆಟ್ಟಿಲ ಮೇಲೆಯೇ ನಿಲ್ಲಿಸಿ ಪರೀಕ್ಷಿಸೋಣ.

ಮೊದಲು ಅಜ್ಜಿಯ ಕೈಗಳನ್ನು ನೋಡಿ. ಎರಡೂ ಕೈಯಲ್ಲಿ ಮೊರವಿದೆ. ಅವಳು ಕಥೆಯ ಮೊದಲ ಪುಟದಲ್ಲೇ ಕೋಲನ್ನು ಒಪ್ಪಿಕೊಂಡಿದ್ದಳು ಎಂದೇ ಇಟ್ಟುಕೊಳ್ಳೋಣ. ಆ ಸಂಜೆ ಕೋಲು ಎಲ್ಲಿರುತ್ತಿತ್ತು? ಕೆಳಗೆ, ಗೋಡೆಗೆ ಒರಗಿ. ಮೆಟ್ಟಿಲ ಮೇಲೆ ಕೋಲು ಬಳಸುವ ಕ್ರಮ ಬಲ್ಲ ಯಾವ ಫಿಸಿಯೋಥೆರಪಿಸ್ಟನನ್ನು ಕೇಳಿದರೂ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಕಂಬಿಯ ಮೇಲೆ ಎನ್ನುತ್ತಾರೆ. ಮೊರಕ್ಕೆ ಮೂರನೆಯ ಕೈ ಬೇಕು. ಅಂದರೆ ಕಥೆ ಯಾವ ವಸ್ತುವನ್ನು ಪರಿಹಾರ ಎಂದು ಮೊದಲ ಪುಟದಿಂದ ಗೋಡೆಗೆ ನೇತುಹಾಕಿದೆಯೋ ಆ ವಸ್ತುವಿಗೆ ಈ ಅಪಘಾತದಲ್ಲಿ ಪಾತ್ರವೇ ಇಲ್ಲ. ಕೋಲು ಹಿಡಿಯದ ಅಜ್ಜಿ ಬಿದ್ದಳು ಎಂಬುದು ನಿಜ. ಕೋಲು ಹಿಡಿಯದ್ದರಿಂದ ಬಿದ್ದಳು ಎಂಬುದು ನಿಜವಲ್ಲ. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ಕಥೆಗಾರ ಗಮನಿಸದೆ ದಾಟಿಬಿಟ್ಟಿದ್ದಾನೆ.

ಈಗ ಮೆಟ್ಟಿಲನ್ನು ನೋಡಿ. ಮೈಸೂರಿನ ಹಳೆಯ ಮನೆಗಳಲ್ಲಿ ತಾರಸಿಗೆ ಹೋಗುವ ಮೆಟ್ಟಿಲು ಸಾಮಾನ್ಯವಾಗಿ ಮನೆಯ ಹೊರಗೆ, ಪಕ್ಕದ ಓಣಿಯಂಥ ಜಾಗದಲ್ಲಿರುತ್ತದೆ. ಮನೆಯ ಉಳಿದೆಲ್ಲ ಭಾಗಕ್ಕೆ ಜಾಗ ಕೊಟ್ಟು ಉಳಿದದ್ದರಲ್ಲಿ ಹತ್ತಿಸಿದ ಮೆಟ್ಟಿಲದು. ಓಣಿಯ ಉದ್ದ ಸಾಲದಿದ್ದಾಗ ಮೇಸ್ತ್ರಿ ಮಾಡುವುದು ಒಂದೇ: ಪ್ರತಿ ಮೆಟ್ಟಿಲನ್ನು ಎತ್ತರಿಸುತ್ತಾನೆ, ಕಾಲಿಡುವ ಅಗಲವನ್ನು ಕುಗ್ಗಿಸುತ್ತಾನೆ. ವಾಸದ ಮನೆಯ ಮೆಟ್ಟಿಲಿಗೆ ಎತ್ತರ 19 ಸೆಂಟಿಮೀಟರ್ ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಟೇಪು ಹಿಡಿದು ನಿಮ್ಮ ಮನೆಯ ತಾರಸಿ ಮೆಟ್ಟಿಲನ್ನು ಅಳೆಯಿರಿ. ಅಗಲ 22 ಸೆಂಟಿಮೀಟರ್ ಇದ್ದರೆ ಇಳಿಯುವಾಗ ಪಾದದ ಮುಂಭಾಗ ಅಂಚಿನಿಂದ ಹೊರಗೆ ಚಾಚಿರುತ್ತದೆ. ಯುವಕರು ಹಿಮ್ಮಡಿಯ ಬಲದಲ್ಲಿ, ಅಥವಾ ಪಾದವನ್ನು ಓರೆಯಾಗಿಟ್ಟು ಇಳಿದುಬಿಡುತ್ತಾರೆ. ಮಂಡಿ ಮಡಿಸುವಾಗ ತೊಡೆಯ ಸ್ನಾಯು ತಡೆದು ಹಿಡಿಯಲಾರದ ಅಜ್ಜಿಗೆ ಅದು ಆಗುವುದಿಲ್ಲ.

ಎತ್ತರಕ್ಕಿಂತಲೂ ಕೆಟ್ಟದ್ದು ಏರುಪೇರು. ಮೆಟ್ಟಿಲು ಹತ್ತುವ ಇಳಿಯುವ ಕಾಲು ಮೊದಲೆರಡು ಹೆಜ್ಜೆಯಲ್ಲೇ ಎತ್ತರವನ್ನು ಕಲಿತುಬಿಡುತ್ತದೆ. ಆಮೇಲೆ ಕಣ್ಣು ಅಷ್ಟಾಗಿ ನೋಡುವುದಿಲ್ಲ, ಕಾಲು ಅದೇ ಅಳತೆಗೆ ಇಳಿಯುತ್ತದೆ. ನಡುವೆ ಒಂದು ಮೆಟ್ಟಿಲು ಮಾತ್ರ ಎರಡು ಸೆಂಟಿಮೀಟರ್ ತಗ್ಗಿದ್ದರೆ, ಪಾದ ನೆಲ ಸಿಗಬೇಕಾದಲ್ಲಿ ಗಾಳಿಯನ್ನು ತುಳಿಯುತ್ತದೆ. ಅಮೆರಿಕದ ಕಟ್ಟಡ ಸಂಹಿತೆ ಒಂದು ಸಾಲಿನ ಅತಿ ಎತ್ತರದ ಮೆಟ್ಟಿಲಿಗೂ ಅತಿ ತಗ್ಗಿನ ಮೆಟ್ಟಿಲಿಗೂ 9.5 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು ಎಂದು ಬಿಗಿ ಮಾಡಿರುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಮನೆ ಕಟ್ಟಿದ ಎಷ್ಟೋ ವರ್ಷಗಳ ಮೇಲೆ ಅಂಗಳಕ್ಕೆ ಕಲ್ಲು ಹಾಸುತ್ತಾರೆ, ತಾರಸಿ ಸೋರುತ್ತದೆಂದು ಮೇಲೆ ಇನ್ನೊಂದು ಪದರ ಗಾರೆ ಹಾಕುತ್ತಾರೆ. ಕೆಳಗಿನ ಕೊನೆಯ ಮೆಟ್ಟಿಲು ಆಗ ತಗ್ಗಾಗುತ್ತದೆ, ಮೇಲಿನ ಮೊದಲ ಮೆಟ್ಟಿಲು ಎತ್ತರವಾಗುತ್ತದೆ. ತಾರಸಿಯಿಂದ ಇಳಿಯಲು ಇಡುವ ಮೊದಲ ಹೆಜ್ಜೆಯೇ ಆ ಎತ್ತರದ ಮೆಟ್ಟಿಲು. ಬಿದ್ದವರನ್ನು ಎಲ್ಲಿ ಬಿದ್ದಿರಿ ಎಂದು ಕೇಳಿ ನೋಡಿ. ಮೇಲಿನ ಒಂದೆರಡು ಮೆಟ್ಟಿಲು ಅಥವಾ ಕೆಳಗಿನ ಒಂದೆರಡು ಮೆಟ್ಟಿಲು ಎಂಬ ಉತ್ತರ ಬಂದರೆ ಮೊದಲು ಹಿಡಿಯಬೇಕಾದ್ದು ಟೇಪು.

ಇದರ ಮೇಲೆ ಮೊರ. ಸೊಂಟದ ಮಟ್ಟದಲ್ಲಿ ಹಿಡಿದ ಅಗಲವಾದ ಮೊರ ಮುಂದಿನ ಎರಡು ಮೆಟ್ಟಿಲನ್ನು ಕಣ್ಣಿನಿಂದ ಮರೆಮಾಡುತ್ತದೆ. ಅದರ ಮೇಲೆ ಕನ್ನಡಕ. ಅಜ್ಜಿಯದು ಎರಡು ಭಾಗದ ಗಾಜು. ಕೆಳಗಿನ ಭಾಗ ಪಂಚಾಂಗ ಓದಲು, ಅಕ್ಕಿ ಆರಿಸಲು, ಒಂದೂವರೆ ಅಡಿ ದೂರಕ್ಕೆ ಕೂಡಿಸಿದ್ದು. ಮೆಟ್ಟಿಲು ನೋಡಲು ಕಣ್ಣು ಕೆಳಗೆ ಮಾಡಿದರೆ ಆ ಕೆಳಭಾಗದ ಮೂಲಕವೇ ನೋಡಬೇಕು, ಮೆಟ್ಟಿಲಿನ ಅಂಚು ಐದಡಿ ದೂರದಲ್ಲಿ ಮಸುಕಾಗಿ ಕಾಣುತ್ತದೆ. ಇಂಥ ಗಾಜು ಹಾಕಿದ ವೃದ್ಧರಿಗೆ ಅಂಚು ಗುರುತಿಸುವುದೂ ಆಳ ತಿಳಿಯುವುದೂ ಕಷ್ಟವಾಗುತ್ತದೆ, ಅವರು ಹೆಚ್ಚು ಬೀಳುತ್ತಾರೆ ಎಂಬುದನ್ನು ಆಸ್ಟ್ರೇಲಿಯಾದ ಸ್ಟೀಫನ್ ಲಾರ್ಡ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದಾರೆ. ಬೂದು ಗಾರೆಯ ಮೆಟ್ಟಿಲು, ಬೂದು ಮೋಡ, ನಾಲ್ಕು ಹನಿ ಮಳೆ, ಸವೆದ ಹವಾಯಿ ಚಪ್ಪಲಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಂಬಿಯೂ ಇಲ್ಲ. ಇಷ್ಟೆಲ್ಲ ಇದ್ದೂ ಕಥೆಗಾರನಿಗೆ ಕಂಡದ್ದು ಅಜ್ಜಿಯ ಹಠ ಮಾತ್ರ.

ಇನ್ನು ಅಜ್ಜಿಯ ದೇಹದೊಳಗೆ ಆ ಸಂಜೆ ಏನಾಗುತ್ತಿತ್ತು? ಮಧ್ಯಾಹ್ನ ಮಲಗಿದ್ದವಳು ಗುಡುಗಿನ ಸದ್ದಿಗೆ ತಟ್ಟನೆ ಎದ್ದಳು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ವೃದ್ಧರಲ್ಲಿ ಅನೇಕರಿಗೆ ಎದ್ದು ನಿಂತಾಗ ರಕ್ತದೊತ್ತಡ ಕುಸಿಯುತ್ತದೆ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನ ಅಂಕಿ 10 ಇಳಿದರೆ ವೈದ್ಯರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ತಿಳಿಯುವ ಬಗೆ ಸುಲಭ: ಐದು ನಿಮಿಷ ಮಲಗಿಸಿ ಬಿ.ಪಿ. ನೋಡಬೇಕು, ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷ ಆದ ಮೇಲೆ ಒಮ್ಮೆ, ಮೂರು ನಿಮಿಷ ಆದ ಮೇಲೆ ಮತ್ತೊಮ್ಮೆ ನೋಡಬೇಕು. ನಮ್ಮ ಕ್ಲಿನಿಕ್ಕುಗಳಲ್ಲಿ ಅಜ್ಜಿಯರ ಬಿ.ಪಿ.ಯನ್ನು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂರಿಸಿ ಒಮ್ಮೆ ನೋಡುತ್ತಾರೆ. ಕೂತಾಗ ಚೆನ್ನಾಗಿರುವ ಅಂಕಿ ನಿಂತಾಗ ಏನಾಗುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ನಿದ್ದೆಗೆಂದು ವರ್ಷಗಟ್ಟಲೆ ನುಂಗುವ ಮಾತ್ರೆಯೂ ಹಾಗೆಯೇ. ಅದರ ಮಂಪರು ಬೆಳಗಾದ ಕೂಡಲೇ ಹೋಗುವುದಿಲ್ಲ.

ಇದು ನನ್ನ ಊಹೆಯಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟಿ ನ್ಯೂ ಹೇವನ್ ಊರಿನ ಎಪ್ಪತ್ತು ದಾಟಿದ 301 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 1994ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರ ಮನೆಗೆ ನರ್ಸ್ ಮತ್ತು ಫಿಸಿಯೋಥೆರಪಿಸ್ಟ್ ಹೋದರು. ನಿಂತಾಗ ಬಿ.ಪಿ. ಕುಸಿಯುತ್ತದೆಯೇ, ಮಾತ್ರೆಗಳ ಸಂಖ್ಯೆ ಹೆಚ್ಚಾಗಿದೆಯೇ, ನಿದ್ದೆ ಮಾತ್ರೆ ಇದೆಯೇ, ಕಾಲಿನ ಬಲ ಹೇಗಿದೆ, ಮನೆಯಲ್ಲಿ ಎಡವುವ ಜಾಗ ಯಾವುದು ಎಂದು ಒಂದೊಂದಾಗಿ ನೋಡಿ ಸರಿಪಡಿಸಿದರು. ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆಯ ಜೊತೆ ಮನೆಗೆ ಹೋಗಿ ಮಾತಾಡಿಸಿ ಬರುವುದಷ್ಟೇ ನಡೆಯಿತು. ಒಂದು ವರ್ಷದಲ್ಲಿ ಎರಡನೆಯ ಗುಂಪಿನಲ್ಲಿ ನೂರಕ್ಕೆ 47 ಜನ ಬಿದ್ದರು, ಮೊದಲನೆಯ ಗುಂಪಿನಲ್ಲಿ 35. ಬೀಳುವುದಕ್ಕೆ ಒಂದೇ ಕಾರಣ ಇರುವುದಿಲ್ಲ, ಸಣ್ಣಸಣ್ಣ ಕಾರಣಗಳು ಕೂಡಿಕೊಂಡು ಬೀಳಿಸುತ್ತವೆ, ಅವುಗಳಲ್ಲಿ ಒಂದೆರಡನ್ನು ತೆಗೆದರೂ ಬೀಳುವುದು ಕಡಿಮೆಯಾಗುತ್ತದೆ ಎಂಬುದೇ ಆ ಪ್ರಯೋಗದ ಸಾರ. ನಮ್ಮ ಕಥೆ ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಒಂದೇ ಕಾರಣ, ಅದೂ ಬಿದ್ದವಳ ಸ್ವಭಾವ.

ಕೋಲಿನ ವಿಷಯಕ್ಕೆ ಬರೋಣ. ನಾನು ಕೋಲಿನ ವಿರೋಧಿಯಲ್ಲ. ಸರಿಯಾದ ಕೋಲು ಸರಿಯಾದ ಕೈಯಲ್ಲಿದ್ದರೆ ಅದು ಮಾಡುವ ಉಪಕಾರ ಸಣ್ಣದಲ್ಲ. ಅಮೆರಿಕದ ಮೂಳೆ ಶಸ್ತ್ರವೈದ್ಯ ವಾಲ್ಟರ್ ಬ್ಲೌಂಟ್ 1956ರಲ್ಲಿ ಕೋಲನ್ನು ಬಿಸಾಡಬೇಡಿ ಎಂಬ ಅರ್ಥದ ತಲೆಬರಹ ಕೊಟ್ಟು ಒಂದು ಪ್ರಸಿದ್ಧ ಲೇಖನವನ್ನೇ ಬರೆದರು. ಅವರು ವಿವರಿಸಿದ ಲೆಕ್ಕ ಸರಳ. ನಡೆಯುವಾಗ ಒಂದು ಕಾಲು ಎತ್ತಿದರೆ ಇಡೀ ದೇಹ ಇನ್ನೊಂದು ಕಾಲಿನ ಸೊಂಟದ ಕೀಲಿನ ಮೇಲೆ ನಿಲ್ಲುತ್ತದೆ. ಸೊಂಟ ಒಂದು ಕಡೆಗೆ ವಾಲದಂತೆ ಪಕ್ಕದ ಸ್ನಾಯು ಎಳೆದು ಹಿಡಿಯಬೇಕು. ಆ ಸ್ನಾಯು ಕೀಲಿಗೆ ತೀರ ಹತ್ತಿರ ಇರುವುದರಿಂದ ದೇಹದ ತೂಕಕ್ಕಿಂತ ಎಷ್ಟೋ ಹೆಚ್ಚು ಬಲ ಹಾಕಬೇಕಾಗುತ್ತದೆ. ತೂಕವೂ ಈ ಎಳೆತವೂ ಸೇರಿ ಕೀಲಿನ ಮೇಲೆ ದೇಹತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. ಎದುರು ಕೈಯಲ್ಲಿ ಹಿಡಿದ ಕೋಲು ಕೀಲಿನಿಂದ ದೂರವಿದೆ. ಆದ್ದರಿಂದ ಅಲ್ಲಿ ಸ್ವಲ್ಪ ಒತ್ತಿದರೂ ಕೀಲಿನ ಭಾರ ಬಹಳ ಇಳಿಯುತ್ತದೆ. ಎಡಗಾಲು ನೋಯುವವರು ಬಲಗೈಯಲ್ಲಿ ಕೋಲು ಹಿಡಿಯಬೇಕು ಎನ್ನುವುದು ಇದಕ್ಕೇ.

ನಮ್ಮ ಮನೆಗಳಲ್ಲಿ ನಡೆಯುವುದು ಏನು? ನೋವು ಯಾವ ಕಡೆಯೋ ಆ ಕಡೆಯ ಕೈಗೇ ಕೋಲು ಕೊಡುತ್ತಾರೆ. ಅಂಗಡಿಯವನು ಕೊಟ್ಟ ಎತ್ತರದಲ್ಲೇ ಅದು ವರ್ಷಾನುಗಟ್ಟಲೆ ಇರುತ್ತದೆ, ಅಜ್ಜಿಯ ಎತ್ತರ ಯಾರೂ ಕೇಳುವುದಿಲ್ಲ. ಮಗ ತನ್ನ ಎತ್ತರಕ್ಕೆ ಹಿಡಿದು ನೋಡಿ ತಂದಿರುತ್ತಾನೆ, ಅಜ್ಜಿ ಅವನಿಗಿಂತ ಒಂದಡಿ ಕುಳ್ಳು. ಕೋಲು ಎತ್ತರವಾದರೆ ಹೆಗಲು ಕಿವಿಯ ಕಡೆ ಏರುತ್ತದೆ, ಒತ್ತಲು ಬಲ ಬರುವುದಿಲ್ಲ, ಎರಡೇ ದಿನಕ್ಕೆ ಕುತ್ತಿಗೆ ನೋಯುತ್ತದೆ. ತಗ್ಗಾದರೆ ಬೆನ್ನು ಬಾಗಿ ದೇಹದ ಭಾರ ಮುಂದಕ್ಕೆ ಜಾರುತ್ತದೆ. ಕೆಳಗಿನ ರಬ್ಬರ್ ಟೋಪಿ ಸವೆದು ನುಣ್ಣಗಾಗಿದ್ದರೆ ಮೈಸೂರಿನ ಮನೆಗಳ ಕೆಂಪು ರೆಡಾಕ್ಸೈಡ್ ನೆಲದ ಮೇಲೆ ಕೋಲೇ ಮೊದಲು ಜಾರುತ್ತದೆ.

ಹಾಗಾದರೆ ಸರಿಯಾದ ಅಳತೆ ಯಾವುದು? ಅಜ್ಜಿ ದಿನವೂ ಹಾಕುವ ಚಪ್ಪಲಿ ಹಾಕಿ ನೆಟ್ಟಗೆ ನಿಲ್ಲಬೇಕು, ಕೈಗಳನ್ನು ಸಡಿಲವಾಗಿ ಇಳಿಬಿಡಬೇಕು. ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, 20ರಿಂದ 30 ಡಿಗ್ರಿಯಷ್ಟು. ನಡೆಯುವಾಗ ಕೋಲೂ ನೋಯುವ ಕಾಲೂ ಒಟ್ಟಿಗೆ ಮುಂದೆ ಹೋಗಬೇಕು, ಆಮೇಲೆ ಗಟ್ಟಿ ಕಾಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲೂ ನೋಯುವ ಕಾಲೂ ಮೊದಲು. ಇದನ್ನು ಒಬ್ಬರು ಪಕ್ಕದಲ್ಲಿ ನಿಂತು ಕೆಲವು ದಿನ ಅಭ್ಯಾಸ ಮಾಡಿಸಬೇಕು. ಕಥೆಯಲ್ಲಿ ಕೋಲನ್ನು ತಂದವರು ಇದ್ದಾರೆ, ಬೈದವರು ಇದ್ದಾರೆ, ಅಳತೆ ನೋಡಿ ಹೇಳಿಕೊಟ್ಟವರು ಒಬ್ಬರೂ ಇಲ್ಲ. ಅಂಥ ಕೋಲನ್ನು ಅಜ್ಜಿ ಒಂದು ದಿನ ಹಿಡಿದು ನೋಡಿ, ತೊಂದರೆಯೇ ಹೆಚ್ಚೆಂದು ಗೋಡೆಗೆ ಒರಗಿಸಿದರೆ ಅದು ಹಠವಲ್ಲ, ತನ್ನ ಮೈಯನ್ನು ಬಲ್ಲವಳ ತೀರ್ಮಾನ. ಸರ್ಕಾರಿ ವ್ಯವಸ್ಥೆಗೂ ಇದೇ ಮಾತು ಸಲ್ಲುತ್ತದೆ. 2017ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ವೃದ್ಧರಿಗೆ ಕೋಲು, ವಾಕರ್, ಶ್ರವಣ ಸಾಧನ, ಕನ್ನಡಕಗಳನ್ನು ಉಚಿತವಾಗಿ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಕೋಲು ಕೈಗೆ ಬಂದ ದಿನವೇ ಅದರ ಕೆಲಸ ಮುಗಿಯಿತು ಎಂದುಕೊಂಡರೆ, ಶಿಬಿರದ ಫೋಟೋದಲ್ಲಿ ಇರುವ ಕೋಲು ಮನೆಯ ಅಟ್ಟ ಸೇರುತ್ತದೆ.

ಕೋಲಿಗೂ ಮಿತಿಗಳಿವೆ. ದೇಹತೂಕದ ಐದರಲ್ಲಿ ಒಂದು ಭಾಗದಷ್ಟನ್ನು ಅದು ಹೊರಬಲ್ಲದು, ಅದಕ್ಕಿಂತ ಹೆಚ್ಚು ಆಸರೆ ಬೇಕಾದವರಿಗೆ ಕೋಲು ಸಾಲದು, ವಾಕರ್ ಬೇಕು. ತಲೆ ಸುತ್ತುವವರಿಗೆ ಕೋಲು ಔಷಧವಲ್ಲ. ಪಕ್ಕಕ್ಕೆ ವಾಲಿದಾಗ ಬೀಳದಿರಲು ಕಾಲು ಚುರುಕಾಗಿ ಪಕ್ಕಕ್ಕೆ ಹೋಗಬೇಕು. ಆಗ ಕೋಲು ಕಾಲಿಗೆ ಅಡ್ಡ ಬರುವುದೂ ಉಂಟು ಎಂದು ಕೆನಡಾದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಕೋಲು ಯಾರಿಗೆ, ಯಾಕೆ ಎಂದು ನೋಡಿಯೇ ಕೊಡಬೇಕು. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಕೈಗೆ ತುರುಕುವ ವಸ್ತು ಅದಲ್ಲ.

ಅಳತೆ ಸರಿಯಿದ್ದರೂ ಒಲ್ಲೆ ಎನ್ನುವ ಅಜ್ಜಿಯರಿದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ಅವರ ಒಲ್ಲೆನೆಂಬ ಮಾತಿಗೂ ಕಿವಿ ಕೊಡಬೇಕು. ಮೈಸೂರಿನಲ್ಲಿ ಗಂಡಸಿನ ಕೈಯ ಕೋಲಿಗೆ ಒಂದು ಗೌರವದ ಚರಿತ್ರೆ ಇದೆ. ನಿವೃತ್ತ ಅಧಿಕಾರಿ, ನಿವೃತ್ತ ಮೇಷ್ಟ್ರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಕೋಲು ಹಿಡಿದು ಹೊರಟರೆ ಅದು ಅವರ ಠೀವಿ. ಬೀದಿನಾಯಿ ಓಡಿಸಲು ಹಿಡಿದೆ ಎಂದರೂ ಯಾರೂ ನಗುವುದಿಲ್ಲ. ಹೆಂಗಸಿನ ಕೈಗೆ ಅಂಥ ಚರಿತ್ರೆ ಇಲ್ಲ. ಅವಳು ಕೋಲು ಹಿಡಿದ ದಿನ ಮನೆಯಲ್ಲಿ ಅವಳ ಸ್ಥಾನ ಬದಲಾಗುತ್ತದೆ. "ಅಜ್ಜಿ, ನೀನು ಮಹಡಿಗೆ ಹೋಗ್ಬೇಡ", "ಅಜ್ಜಿ, ಒಬ್ಬಳೇ ದೇವಸ್ಥಾನಕ್ಕೆ ಹೋಗ್ಬೇಡ", "ಒಲೆ ಹತ್ರ ನಿಂತ್ಕೋಬೇಡ, ಕೂತ್ಕೋ". ಕೋಲಿನ ಜೊತೆ ಬೇಡಗಳ ಪಟ್ಟಿಯೊಂದು ಮನೆಗೆ ಬರುತ್ತದೆ. ತಾರಸಿಯ ಬಿಸಿಲು, ಸಂಡಿಗೆಯ ಹದ, ಪಕ್ಕದ ಮನೆಯ ಗೆಳತಿಯೊಡನೆ ಮಹಡಿಯಿಂದ ಮಹಡಿಗೆ ಆಡುವ ಮಾತು, ಇವೆಲ್ಲ ಅವಳ ಅಧಿಕಾರದ ಕ್ಷೇತ್ರ. ಕೋಲು ತೆಗೆದುಕೊಂಡರೆ ಇದು ಹೋಗುತ್ತದೆ ಎಂಬುದನ್ನು ಅವಳು ತನ್ನ ಅತ್ತೆಯ ಬಾಳಿನಲ್ಲಿ ನೋಡಿದ್ದಾಳೆ. ಅವಳ ಲೆಕ್ಕ ತಪ್ಪಲ್ಲ.

ಅವಳು ಕೋಲನ್ನು ಒಪ್ಪಬೇಕೆಂದು ಮನಸಾರೆ ಬಯಸುವವರು ಮೊದಲು ಈ ಪಟ್ಟಿಯನ್ನು ಹರಿದುಹಾಕಬೇಕು. ಕೋಲು ಹಿಡಿದರೆ ಮಹಡಿ ಬಂದ್ ಎಂಬ ಮನೆಯಲ್ಲಿ ಯಾವ ಅಜ್ಜಿಯೂ ಕೋಲು ಹಿಡಿಯುವುದಿಲ್ಲ. ಕೋಲು ಹಿಡಿದರೆ ಮಹಡಿಗೆ ಹೋಗಬಹುದು, ಸಂಡಿಗೆಯ ಮೊರ ಹೊರುವ ಕೆಲಸ ಮಾತ್ರ ಬೇರೆಯವರದು ಎಂಬ ಮನೆಯಲ್ಲಿ ಮಾತು ಬೇರೆ ರೀತಿ ನಡೆಯುತ್ತದೆ.

ಕಥೆಯ ಪರ ನಿಲ್ಲುವವರ ಬಲವಾದ ವಾದವೊಂದಿದೆ: ಏನೇ ಆದರೂ ಬಿದ್ದ ಮೇಲೆ ಅವಳು ಕೋಲು ಹಿಡಿದಳಲ್ಲ, ಹಿಡಿದು ಸುರಕ್ಷಿತವಾಗಿದ್ದಾಳಲ್ಲ? ಇದಕ್ಕೆ ಎರಡು ಉತ್ತರ. ಮೊದಲನೆಯದು, ಆ ಕೊನೆಯ ಪುಟವನ್ನು ತಲುಪದ ಅಜ್ಜಿಯರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದ ಪೆಟ್ಟಿನಿಂದ ಸಾಯುತ್ತಾರೆ, ಅವರಲ್ಲಿ ಅರವತ್ತು ದಾಟಿದವರ ಪಾಲು ಎಲ್ಲರಿಗಿಂತ ಹೆಚ್ಚು. ಸೊಂಟದ ಮೂಳೆ ಮುರಿದರೆ ಆದಷ್ಟು ಬೇಗ, ಸಾಧ್ಯವಾದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ತಡವಾದಷ್ಟೂ ಹಾಸಿಗೆ ಹುಣ್ಣು, ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಒಂದರ ಹಿಂದೆ ಒಂದು ಬರುತ್ತವೆ. ಬುದ್ಧಿ ಕಲಿಸುವ ಉಪಾಯವಾಗಿ ಕಥೆಗಾರ ಬಳಸಿದ ಆ ಬೀಳುವಿಕೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕೊನೆಯ ವರ್ಷದ ಆರಂಭ.

ಎರಡನೆಯದು, ಬಿದ್ದ ಮೇಲೆ ಬಂದದ್ದು ಬುದ್ಧಿಯಲ್ಲ, ಭಯ. ಮತ್ತೆ ಬಿದ್ದೇನು ಎಂಬ ಭಯ ಹೊಕ್ಕವರು ನಡೆಯುವುದನ್ನೇ ಕಡಿಮೆ ಮಾಡುತ್ತಾರೆ. ಬಚ್ಚಲಿಗೆ, ಊಟದ ಜಾಗಕ್ಕೆ, ಮತ್ತೆ ಮಂಚಕ್ಕೆ. ನಡೆಯದ ಕಾಲಿನ ಸ್ನಾಯು ವಾರಗಳಲ್ಲಿ ಕರಗುತ್ತದೆ, ಸ್ನಾಯು ಕರಗಿದಾಗ ಸಮತೋಲನ ಕೆಡುತ್ತದೆ, ಆಗ ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಕೊನೆಯ ಪುಟದ ಅಜ್ಜಿ ಕೋಲು ಕೇಳಿದ್ದನ್ನು ನಾವು ವಿವೇಕ ಎಂದು ಓದಿದೆವು. ಅವಳ ಮುಂದಿನ ಆರು ತಿಂಗಳನ್ನು ಕಥೆ ಬರೆಯಲಿಲ್ಲ. ತಾರಸಿಯ ಅದೇ ಮೆಟ್ಟಿಲು, ಅದೇ ಕನ್ನಡಕ, ಅದೇ ಮಾತ್ರೆ, ಅದೇ ಅಳತೆ ತಪ್ಪಿದ ಕೋಲು, ಜೊತೆಗೆ ಈಗ ಸೊರಗಿದ ಕಾಲು. ಇದು ಸುಖಾಂತವಲ್ಲ.

ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆಯುವುದು ರೂಢಿ. 1903ರಷ್ಟು ಹಿಂದೆಯೇ ಊರನ್ನು ಯೋಜಿಸಿ ಬೆಳೆಸಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಟ್ಟಿಕೊಂಡ ಊರಿದು. ಅಗಲವಾದ ರಸ್ತೆ, ಗಾಳಿ ಬೆಳಕಿನ ನಿವೇಶನ, ಉದ್ಯಾನ ಎಲ್ಲಕ್ಕೂ ಅಳತೆ ಹಾಕಿದ ಊರು. ಇಂಥ ಊರಿನಲ್ಲಿ ವೃದ್ಧರು ದಿನವೂ ಏರಿ ಇಳಿಯುವ ತಾರಸಿ ಮೆಟ್ಟಿಲನ್ನು ಮೇಸ್ತ್ರಿಯ ಕಣ್ಣಳತೆಗೆ ಬಿಟ್ಟೆವು. ಅದರ ಹೊಣೆಯನ್ನು ಈಗ ಅಜ್ಜಿಯ ತಲೆಗೆ ಕಟ್ಟುವುದು ಅನ್ಯಾಯ.

ಹಾಗಾದರೆ ಆ ಮನೆಯಲ್ಲಿ ಏನು ಮಾಡಬೇಕಿತ್ತು? ಮೊದಲನೆಯದು ಕಂಬಿ. ಒಂದು ಪಕ್ಕ ಇದ್ದರೆ ಹತ್ತುವಾಗ ಬಲಗೈಗೆ ಸಿಕ್ಕದ್ದು ಇಳಿಯುವಾಗ ಎಡಗೈಗೆ ಬರುತ್ತದೆ, ಆದ್ದರಿಂದ ಎರಡೂ ಪಕ್ಕ ಬೇಕು. ಬೆರಳುಗಳು ಪೂರ್ತಿ ಸುತ್ತಿಕೊಳ್ಳುವಷ್ಟು ದಪ್ಪದ ದುಂಡು ಕೊಳವೆಯಾಗಿರಬೇಕು, ಗೋಡೆಯಿಂದ ಗೆಣ್ಣು ತಾಗದಷ್ಟು ದೂರ ಇರಬೇಕು, ಮೇಲಿನ ಮತ್ತು ಕೆಳಗಿನ ಮೆಟ್ಟಿಲನ್ನು ದಾಟಿ ಒಂದಡಿ ಮುಂದೆ ಚಾಚಿರಬೇಕು. ಏಕೆಂದರೆ ಬೀಳುವುದು ಹೆಚ್ಚಾಗಿ ಆ ತುದಿಗಳಲ್ಲೇ, ಕಂಬಿ ಅಲ್ಲಿ ಮುಗಿದುಹೋದರೆ ಬೇಕಾದ ಕ್ಷಣಕ್ಕೆ ಕೈಗೆ ಸಿಗುವುದಿಲ್ಲ. ಎರಡನೆಯದು ಮೆಟ್ಟಿಲುಗಳ ಎತ್ತರ ಅಳೆದು, ತಪ್ಪಿದ್ದನ್ನು ಗಾರೆ ಹಾಕಿ ಸರಿಮಾಡಿ, ಪ್ರತಿ ಅಂಚಿಗೂ ಎರಡು ಬೆರಳಗಲದ ಹಳದಿ ಅಥವಾ ಬಿಳಿ ಪಟ್ಟಿ ಬಳಿಯುವುದು. ನುಣುಪು ಬಣ್ಣ ಬೇಡ, ಮರಳು ಬೆರೆಸಿದ ಒರಟು ಬಣ್ಣ. ಮೂರನೆಯದು ಮೇಲೂ ಕೆಳಗೂ ಸ್ವಿಚ್ಚಿರುವ ದೀಪ. ನಾಲ್ಕನೆಯದು ಸಂಡಿಗೆಯನ್ನು ಇಳಿಸಲು ತಾರಸಿಯ ಗೋಡೆಗೆ ಒಂದು ರಾಟೆ, ಹಗ್ಗ, ಬುಟ್ಟಿ. ಬಾವಿಯಿಂದ ನೀರು ಸೇದಿದ ಕೈಗೆ ಅದು ಹೊಸ ವಿದ್ಯೆಯೇನಲ್ಲ.

ಅಜ್ಜಿಯ ದೇಹಕ್ಕೂ ಮಾಡಬೇಕಾದದ್ದಿದೆ. ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ ಮಲಗಿ, ನಿಂತು ಬಿ.ಪಿ. ನೋಡಿಸಬೇಕು, ನಿದ್ದೆ ಮಾತ್ರೆ ಇನ್ನೂ ಬೇಕೇ ಎಂದು ಕೇಳಬೇಕು. ಅದನ್ನು ತಾವೇ ತಟ್ಟನೆ ನಿಲ್ಲಿಸಬಾರದು, ಹಾಗೆ ನಿಲ್ಲಿಸುವುದೂ ಅಪಾಯ. ಮೆಟ್ಟಿಲಿಗೆಂದೇ ದೂರದ ನೋಟದ ಒಂದೇ ಗಾಜಿನ ಕನ್ನಡಕ ಬೇರೆ ಮಾಡಿಸಬೇಕು. ಕಾಲಿನ ಬಲ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಹನ್ನೆರಡು ಸೆಕೆಂಡ್ ದಾಟಿದರೆ ಬೀಳುವ ಅಪಾಯ ಹೆಚ್ಚು. ಅಂಥವರಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಕೂತೇಳುವ, ಒಂಟಿಕಾಲಲ್ಲಿ ನಿಲ್ಲುವ ವ್ಯಾಯಾಮ ತಿಂಗಳುಗಟ್ಟಲೆ ನಡೆಯಬೇಕು. ಇವೆಲ್ಲದರ ಜೊತೆ, ಅಳತೆ ನೋಡಿ ಕೊಂಡ ಕೋಲು. ಅದು ಈ ಸಾಲಿನಲ್ಲಿ ಒಂದು, ಮೊದಲನೆಯದೂ ಅಲ್ಲ, ಒಂದೇ ಒಂದೂ ಅಲ್ಲ.

ಕಥೆ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಅಜ್ಜಿಯನ್ನು ಬೀಳಿಸಿ ಪಾಠ ಕಲಿಸುವುದನ್ನು ನಿಲ್ಲಿಸಿ. ಅವಳು ಒಲ್ಲೆ ಎಂದದ್ದೇಕೆ ಎಂದು ಅವಳನ್ನೇ ಕೇಳುವ ಪಾತ್ರವೊಂದನ್ನು ಆ ಮನೆಯೊಳಗೆ ಕಳಿಸಿ. ಓದುಗರಲ್ಲೂ ಒಂದು ಬೇಡಿಕೆಯಿದೆ. ಬಿದ್ದವರನ್ನು ನೋಡಲು ಹೋದಾಗ "ಕೋಲು ಯಾಕೆ ಹಿಡ್ಕೊಳ್ಳಲಿಲ್ಲ ಅಜ್ಜಿ?" ಎನ್ನುವ ಮಾತು ಬೇಡ. ಎಲ್ಲಿ ಬಿದ್ದರು, ಕೈಯಲ್ಲಿ ಏನಿತ್ತು, ಎದ್ದು ಎಷ್ಟು ಹೊತ್ತಾಗಿತ್ತು, ಯಾವ ಕನ್ನಡಕ ಹಾಕಿದ್ದರು, ಎಷ್ಟನೆಯ ಮೆಟ್ಟಿಲು ಎಂದು ಕೇಳಿ. ಈ ಐದು ಪ್ರಶ್ನೆಗಳ ಉತ್ತರದಲ್ಲಿ ಬೀಳಲು ಕಾರಣ ಸಾಮಾನ್ಯವಾಗಿ ಸಿಗುತ್ತದೆ, ಸಿಕ್ಕ ಕಾರಣವನ್ನು ಹೆಚ್ಚಾಗಿ ಅದೇ ವಾರ ಸರಿಪಡಿಸಲೂ ಬರುತ್ತದೆ. ಹಠ ಎಂದು ಹೆಸರಿಟ್ಟ ಮೇಲೆ ಸರಿಪಡಿಸಲು ಏನೂ ಉಳಿಯುವುದಿಲ್ಲ.